ರಿನ್ಯೂವಲ್ ಹಣ ಕಡಿತ ಆಗದಿದ್ದರೆ ಎಷ್ಟು ದಿನ ಬಿಡಬೇಕು, ಯಾವಾಗ ಲಾಕ್ ಮಾಡಬೇಕು?

ಕುವೆಂಪುನಗರ_ಬಿಲ್ಲಿಂಗ್

ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಾನು ಮತ್ತು ನನ್ನ ತಮ್ಮ ಸೇರಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತೇವೆ. ಮೆಡಿಕಲ್ ಶಾಪ್, ದಿನಸಿ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಹೀಗೆ 620 ಗಿರಾಕಿಗಳಿದ್ದಾರೆ. ಮೈಸೂರು, ನಂಜನಗೂಡು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಕಡೆಯವರೇ ಜಾಸ್ತಿ. ತಿಂಗಳಿಗೆ 499 ರೂಪಾಯಿ. ಯುಪಿಐ ಆಟೋಪೇಯಲ್ಲಿ ಕಡಿತ ಆಗುತ್ತದೆ.

ಈಗ ನಮ್ಮ ಪದ್ಧತಿ ಹೀಗಿದೆ. ಬೆಳಿಗ್ಗೆ 6 ಗಂಟೆಗೆ ಕಡಿತಕ್ಕೆ ಹಾಕುತ್ತೇವೆ. ಆಗದಿದ್ದರೆ ಒಂದು ಮೆಸೇಜ್ ಹೋಗುತ್ತದೆ. ಸಂಜೆ 7ಕ್ಕೆ ಸಾಫ್ಟ್‌ವೇರ್ ಲಾಕ್ ಆಗುತ್ತದೆ. ಶುರುವಿನಲ್ಲಿ 40 ಗಿರಾಕಿಗಳಿದ್ದಾಗ ತಮ್ಮ ಬರೆದಿಟ್ಟ ನಿಯಮ, ಇವತ್ತಿಗೂ ಹಾಗೇ ಇದೆ.

ಹೋದ ತಿಂಗಳು ಬಿಟ್ಟು ಅದರ ಹಿಂದಿನ ಮೂರು ತಿಂಗಳಲ್ಲಿ 186 ಸಲ ಕಡಿತ ಫೇಲ್ ಆಗಿದೆ. ಅದರಲ್ಲಿ 54 ಜನ ವಾಪಸ್ ಬರಲೇ ಇಲ್ಲ. ಇವರೆಲ್ಲ ಹೇಗಿದ್ದರೂ ಬಿಡುವವರಾಗಿದ್ದರಾ, ಇಲ್ಲ ನಾವೇ ಓಡಿಸಿದೆವಾ ಅನ್ನುವುದು ನನ್ನ ಪ್ರಶ್ನೆ. ಎಷ್ಟು ದಿನ ಗ್ರೇಸ್ ಕೊಡಬೇಕು? ಕೊಟ್ಟರೆ ಎಲ್ಲರೂ ಅದನ್ನೇ ಅಭ್ಯಾಸ ಮಾಡಿಕೊಳ್ಳುತ್ತಾರಾ? ಅನುಭವ ಇರುವವರು ದಯವಿಟ್ಟು ಹೇಳಿ.

ಬಂಬೂಬಜಾರ್_ವ್ಯಾಪಾರಿ

ಮೇಡಂ, ಲಾಕ್ ಮಾಡಿ. ನಾನು 20 ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ, ಸಾಲ ಕೊಟ್ಟು ನೋಡಿದ್ದೇನೆ. ಕೆಲಸ ನಿಂತಾಗಲೇ ಜನ ದುಡ್ಡು ಕಟ್ಟೋದು. ಏಳು ದಿನ ಬಿಟ್ಟರೆ ಏಳನೇ ದಿನ ಕಟ್ಟುತ್ತಾರೆ, ಹದಿನೈದು ಬಿಟ್ಟರೆ ಹದಿನೈದನೇ ದಿನ. ನಿಮ್ಮ ಲೆಕ್ಕದಲ್ಲೂ 186ರಲ್ಲಿ 132 ಜನ ಕಟ್ಟಿದ್ದಾರಲ್ಲ, ಲಾಕ್ ಇದ್ದದ್ದಕ್ಕೇ ಅಲ್ವಾ?

ವಿಜಯನಗರ_2ನೇ_ಹಂತ

ಒಂಬತ್ತು ವರ್ಷದಿಂದ ಚಂದಾ ಬಿಲ್ಲಿಂಗ್ ಕೆಲಸವನ್ನೇ ಮಾಡುತ್ತಿದ್ದೇನೆ. ದಿನದ ಸಂಖ್ಯೆ ಹೇಳುವ ಮೊದಲು ಒಂದು ವಿಷಯ ಬೇಕು. ಆ 186 ಯಾಕೆ ಫೇಲ್ ಆದವು? ಹಣ ಕಡಿತ ಮಾಡಿಕೊಡುವ ಗೇಟ್‌ವೇ ಪ್ರತಿ ಫೇಲ್‌ಗೂ ಕಾರಣ ಕಳಿಸಿರುತ್ತದೆ. ಖಾತೆಯಲ್ಲಿ ಹಣ ಇಲ್ಲದ್ದು ಎಷ್ಟು, ಗಿರಾಕಿಯೇ ಆಟೋಪೇಗೆ ಕೊಟ್ಟ ಒಪ್ಪಿಗೆ ಅಂದರೆ ಮ್ಯಾಂಡೇಟ್ ರದ್ದು ಮಾಡಿದ್ದು ಎಷ್ಟು, ಬ್ಯಾಂಕ್ ಸರ್ವರ್ ತೊಂದರೆ ಎಷ್ಟು ಅಂತ ಬಿಡಿಸಿ ಹಾಕಿ. ಹಣ ಬಂದಿದ್ದರೆ ಫೇಲ್ ಆದ ಎಷ್ಟನೇ ದಿನಕ್ಕೆ ಬಂತು ಅನ್ನುವುದೂ ಬೇಕು. ನಿಮ್ಮ ಡೇಟಾಬೇಸ್‌ನಲ್ಲಿ ಇಷ್ಟು ಓಡಿಸಿದರೆ ಸಾಕು:

```sql
SELECT reason, paid_on - failed_on AS day_no, COUNT(*)
FROM renewals
WHERE failed_on < CURRENT_DATE - 30 AND failed_on >= CURRENT_DATE - 120
GROUP BY reason, day_no
ORDER BY reason, day_no;
```

ಮೂರನೇ ಸಾಲನ್ನು ಬಿಡಬೇಡಿ. ಮೊನ್ನೆ ಫೇಲ್ ಆದವರು ನಾಳೆ ಕಟ್ಟಬಹುದು. ಅವರನ್ನು ಈಗಲೇ "ಬರಲಿಲ್ಲ" ಅಂತ ಎಣಿಸಿದರೆ ಲೆಕ್ಕ ಕೆಡುತ್ತದೆ. ಫೇಲ್ ಆಗಿ ಒಂದು ತಿಂಗಳು ಕಳೆದವರನ್ನು ಮಾತ್ರ ತೆಗೆದುಕೊಳ್ಳಿ.

ನಿವೃತ್ತ_ಏಜೆಂಟ್_ಮಂಡ್ಯ

ನಾನು ಎಲ್‌ಐಸಿ ಏಜೆಂಟ್ ಆಗಿದ್ದವನು. ನಮ್ಮಲ್ಲಿ ಪ್ರೀಮಿಯಂ ಕಟ್ಟೋಕೆ 30 ದಿನ ಗ್ರೇಸ್. ಅಷ್ಟು ದೊಡ್ಡ ಸಂಸ್ಥೆಯೇ ಕೊಡುತ್ತೆ ಅಂದರೆ ನೀವೂ 30 ದಿನ ಕೊಡಿ ತಾಯಿ. ಗಿರಾಕಿ ಮನಸ್ಸು ನೋಯಬಾರದು.

ವಿಜಯನಗರ_2ನೇ_ಹಂತ

ಸರ್, ಆ 30 ದಿನ ವರ್ಷಕ್ಕೋ ಆರು ತಿಂಗಳಿಗೋ ಮೂರು ತಿಂಗಳಿಗೋ ಕಟ್ಟುವವರಿಗೆ. ತಿಂಗಳ ಕಂತಿನವರಿಗೆ 15 ದಿನ. ಕಂತು ಚಿಕ್ಕದಾದ ಹಾಗೆ ಗ್ರೇಸ್ ಕೂಡ ಚಿಕ್ಕದು. ತಿಂಗಳ ಚಂದಾಕ್ಕೆ ತಿಂಗಳು ಪೂರ್ತಿ ಗ್ರೇಸ್ ಕೊಟ್ಟರೆ ಮುಂದಿನ ಬಿಲ್ ಬಂದು ಎರಡು ಸೇರಿ 998 ಆಗುತ್ತದೆ. 499 ಕಟ್ಟಲು ಆಗದವನಿಗೆ 998 ಇನ್ನೂ ಕಷ್ಟ.

ಆದರೆ ನಿಮ್ಮ ಎಲ್‌ಐಸಿಯಿಂದ ಇನ್ನೊಂದು ವಿಷಯ ಕಲಿಯಬೇಕು. ಪಾಲಿಸಿ ಲ್ಯಾಪ್ಸ್ ಆದರೂ ಕಡತ ಹರಿದು ಹಾಕುವುದಿಲ್ಲ. ಮೊದಲ ಬಾಕಿ ಕಂತಿನಿಂದ ಐದು ವರ್ಷದೊಳಗೆ ಬಾಕಿ ಕಟ್ಟಿ ಅದೇ ಪಾಲಿಸಿಯನ್ನು ರಿವೈವಲ್ ಮಾಡಿಸಬಹುದು. ಸೇವೆ ನಿಲ್ಲಿಸುವುದು ಬೇರೆ, ಗಿರಾಕಿಯ ಖಾತೆ ಅಳಿಸುವುದು ಬೇರೆ.

ಮಂಡ್ಯ_ಮೆಡಿಕಲ್ಸ್

ನಾನು ಕೌಂಟರ್‌ನ ಈ ಕಡೆಯವನು. ನನ್ನ ಕಥೆ ಹೇಳುತ್ತೇನೆ, ಲೆಕ್ಕ ನೀವು ಹಾಕಿಕೊಳ್ಳಿ.

ಎರಡು ವರ್ಷದ ಹಿಂದೆ ಬೇರೆ ಒಂದು ಕಂಪನಿಯ ಸಾಫ್ಟ್‌ವೇರ್ ಇತ್ತು. ಹೆಸರು ಬೇಡ. ಶನಿವಾರ ಸಂಜೆ ಏಳೂಕಾಲು. ಪಕ್ಕದ ಕ್ಲಿನಿಕ್‌ನಲ್ಲಿ ಮಕ್ಕಳ ಡಾಕ್ಟರ್ ಕೂರುವ ಹೊತ್ತು. ಕೌಂಟರ್ ಮುಂದೆ ಎಂಟು ಹತ್ತು ಜನ ಚೀಟಿ ಹಿಡಿದು ನಿಂತಿದ್ದರು. ಒಬ್ಬ ತಾಯಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡಿದ್ದಳು, ಮಗುವಿಗೆ ಜ್ವರ. ನಮ್ಮ ಹುಡುಗ ಸಿರಪ್ ಸ್ಕ್ಯಾನ್ ಮಾಡಿದ, ಬಿಲ್ ಬರಲಿಲ್ಲ. ಸ್ಕ್ರೀನ್ ಪೂರ್ತಿ ಕೆಂಪಾಗಿ "ನಿಮ್ಮ ಚಂದಾ ಮುಗಿದಿದೆ" ಅಂತ ಬಂತು. ಎಲ್ಲರಿಗೂ ಕಾಣುವ ಹಾಗೆ. ಹಿಂದಿನ ದಿನ ಹೋಲ್‌ಸೇಲ್‌ನವರ ಚೆಕ್ ಪಾಸಾಗಿ ಆ ಖಾತೆಯಲ್ಲಿ 212 ರೂಪಾಯಿ ಉಳಿದಿತ್ತು. ಇನ್ನೊಂದು ಖಾತೆಯಲ್ಲಿ ದುಡ್ಡು ಬೇಕಾದಷ್ಟಿತ್ತು.

ಕಂಪನಿಗೆ ಫೋನ್ ಮಾಡಿದರೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಾಡಿ ಅಂತ ರೆಕಾರ್ಡಿಂಗ್. ಎರಡು ದಿನ ಕೈಯಲ್ಲಿ ಬಿಲ್ ಬರೆದೆವು. ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಕೈಯಲ್ಲೇ. ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ಎಚ್1 ಔಷಧಿಗಳ ರಿಜಿಸ್ಟರ್ ಕೂಡ ಅದರೊಳಗೇ ಇತ್ತು. ಅದನ್ನು ಮೂರು ವರ್ಷ ಇಟ್ಟಿರಲೇಬೇಕು, ಇನ್‌ಸ್ಪೆಕ್ಟರ್ ಬಂದು ಕೇಳಿದರೆ ಏನು ತೋರಿಸಲಿ? ಸೋಮವಾರ ದುಡ್ಡು ಕಟ್ಟಿದೆ, ನಿಜ. ಡೇಟಾ ತೆಗೆದುಕೊಳ್ಳೋಕೆ ಕಟ್ಟಿದೆ. ಆ ತಿಂಗಳೇ ಬೇರೆ ಸಾಫ್ಟ್‌ವೇರ್‌ಗೆ ಹೋದೆ.

ವಿಜಯನಗರ_2ನೇ_ಹಂತ

ಬಂಬೂಬಜಾರ್ ಅಣ್ಣ, ನಿಮ್ಮ ಮಾತಿಗೆ ಉತ್ತರ ಇದರಲ್ಲಿದೆ. ಇವರು "ಲಾಕ್ ಮಾಡಿದ ಮೇಲೆ ಕಟ್ಟಿದವರ" ಪಟ್ಟಿಯಲ್ಲಿ ಇರುತ್ತಾರೆ. ಆ ಕಂಪನಿಯವರು ಲಾಕ್ ಕೆಲಸ ಮಾಡಿತು ಅಂತ ಖುಷಿಪಟ್ಟಿರುತ್ತಾರೆ. ಮುಂದಿನ ತಿಂಗಳು ಇವರು ಹೋದದ್ದು ಬೇರೆ ಪಟ್ಟಿಗೆ ಸೇರುತ್ತದೆ, ಎರಡನ್ನೂ ಯಾರೂ ಜೋಡಿಸಿ ನೋಡುವುದಿಲ್ಲ. ಅದಕ್ಕೇ ಹಣ ಬಂತಾ ಅಂತ ನೋಡಿದರೆ ಸಾಲದು. ಬಂದವರು 90 ದಿನ ಆದಮೇಲೂ ಇದ್ದಾರಾ ಅಂತ ನೋಡಬೇಕು.

ಬಂಬೂಬಜಾರ್_ವ್ಯಾಪಾರಿ

ಅದು ಸರಿ. ಆದರೂ ಲಾಕ್ ಅನ್ನೋದೇ ಇಲ್ಲ ಅಂದರೆ ಯಾರೂ ಕಟ್ಟಲ್ಲ. ಅದರಲ್ಲಿ ನನ್ನ ಮಾತು ಬದಲಾಗಲ್ಲ.

ಕುವೆಂಪುನಗರ_ಬಿಲ್ಲಿಂಗ್

ಮಂಡ್ಯ ಸರ್, ನಿಮ್ಮದು ಓದಿ ಸಂಕಟ ಆಯಿತು. ನಮ್ಮ ಲಾಕ್ ಕೂಡ ಸಂಜೆ 7ಕ್ಕೇ.

ಲೆಕ್ಕ ತೆಗೆದೆ. 186ರಲ್ಲಿ ಖಾತೆಯಲ್ಲಿ ಹಣ ಇಲ್ಲದ್ದು 121. ಮ್ಯಾಂಡೇಟ್ ರದ್ದು ಮಾಡಿದ್ದು ಅಥವಾ ನಿಲ್ಲಿಸಿಟ್ಟದ್ದು 31. ಬ್ಯಾಂಕ್ ಕಡೆಯ ತಾಂತ್ರಿಕ ತೊಂದರೆ 26. ಖಾತೆ ಮುಚ್ಚಿದ್ದು ಇತ್ಯಾದಿ 8.

ತಾಂತ್ರಿಕ ತೊಂದರೆಯ 26ರಲ್ಲಿ 24 ಜನರದ್ದು ಅವತ್ತೋ ಮಾರನೇ ದಿನವೋ ತಾನಾಗೇ ಆಗಿದೆ. ಇವರಲ್ಲಿ ಕೆಲವರನ್ನು ನಾವು ಸಂಜೆ ಲಾಕ್ ಮಾಡಿದ್ದೆವು. ಅವರದ್ದೇನೂ ತಪ್ಪೇ ಇರಲಿಲ್ಲ.

ಹಣ ಇಲ್ಲದ 121 ಜನರಲ್ಲಿ ಅವತ್ತೋ ಮಾರನೇ ದಿನವೋ 38 ಜನ ಬಂದರು. ಎರಡು ಮೂರನೇ ದಿನಕ್ಕೆ 27. ನಾಲ್ಕರಿಂದ ಏಳನೇ ದಿನದೊಳಗೆ 22. ಎಂಟರಿಂದ ಹತ್ತು, 6 ಜನ. ಹನ್ನೊಂದರಿಂದ ಹದಿನೈದು, 3. ಆಮೇಲೆ ಒಬ್ಬರು. ಬಾರದೇ ಇದ್ದವರು 24.

ರದ್ದು ಮಾಡಿದ 31ರಲ್ಲಿ 7 ಜನ ತಮ್ಮ ಫೋನ್ ಮಾಡಿದ ಮೇಲೆ ಬಂದರು. 24 ಜನ ಇಲ್ಲ. ಕೊನೆಯ ಎಂಟರಲ್ಲಿ ನಾಲ್ವರು ಬಂದರು.

ವಿಜಯನಗರ_2ನೇ_ಹಂತ

ತುಂಬ ಒಳ್ಳೆಯ ಲೆಕ್ಕ ಮೇಡಂ. ಈಗ ಮಾತಾಡಬಹುದು.

ಇದು ಒಂದು ಪ್ರಶ್ನೆ ಅಲ್ಲ, ಮೂರು. ರದ್ದು ಮಾಡಿದವರ ವಿಷಯ ಆಮೇಲೆ ಹೇಳುತ್ತೇನೆ. ತಾಂತ್ರಿಕ ತೊಂದರೆಯವರಿಗೆ ಮೂರು ದಿನ ಏನನ್ನೂ ಹೇಳಬೇಡಿ, ಮೆಸೇಜ್ ಕೂಡ ಬೇಡ. ಅವರದ್ದು ತಾನಾಗೇ ಸರಿಹೋಗುತ್ತದೆ.

ಹಣ ಇಲ್ಲದವರು ನಿಮ್ಮ ನಿಜವಾದ ವಿಷಯ. ಕೊನೆಗೆ ಬಂದ 97 ಜನರಲ್ಲಿ 87 ಜನ ಏಳನೇ ದಿನದೊಳಗೆ ಬಂದಿದ್ದಾರೆ. ಆಮೇಲೆ ಬರುವವರು ತೀರಾ ಕಮ್ಮಿ. ಹತ್ತು ಜನರಿಗಾಗಿ ಇನ್ನೂ ಮೂರು ವಾರ ಪೂರ್ತಿ ಸೇವೆ ಕೊಡಬೇಕಿಲ್ಲ, ಹಾಗಂತ ಬಾಗಿಲು ಹಾಕಲೂಬೇಡಿ. ಏಳು ದಿನ ಎಲ್ಲವೂ ನಡೆಯಲಿ. ಎಂಟನೇ ದಿನದಿಂದ ಹೊಸ ಬಿಲ್ ಮಾತ್ರ ನಿಲ್ಲಲಿ. ಹಳೆಯ ಬಿಲ್ ನೋಡುವುದು, ಸ್ಟಾಕ್ ಪಟ್ಟಿ, ಎಚ್1 ರಿಜಿಸ್ಟರ್, ಜಿಎಸ್‌ಟಿ ವರದಿ ಡೌನ್‌ಲೋಡ್, ಇವು ಯಾವತ್ತೂ ನಿಲ್ಲಬಾರದು. ಜಿಎಸ್‌ಟಿಆರ್-1 ತಿಂಗಳ 11ಕ್ಕೆ ಸಲ್ಲಿಸಬೇಕಾದವನ ಡೇಟಾವನ್ನು 9ನೇ ತಾರೀಖು ಹಿಡಿದಿಟ್ಟರೆ ಅವನು 499 ಕಟ್ಟುತ್ತಾನೆ, ಮಂಡ್ಯ ಸರ್ ಕಟ್ಟಿದ ಹಾಗೆ.

ಗ್ರೇಸ್ ಕೊಟ್ಟರೆ ನಿಮಗೆ ಎಷ್ಟು ಖರ್ಚು ಅಂತ ನೋಡಿದ್ದೀರಾ? ಸರ್ವರ್‌ಗೆ ತಿಂಗಳಿಗೆ ಎಷ್ಟು ಕಟ್ಟುತ್ತೀರಿ?

ಕುವೆಂಪುನಗರ_ಬಿಲ್ಲಿಂಗ್

ಸುಮಾರು 9,300 ರೂಪಾಯಿ.

ವಿಜಯನಗರ_2ನೇ_ಹಂತ

620 ಜನಕ್ಕೆ 9,300 ಅಂದರೆ ತಲೆಗೆ ತಿಂಗಳಿಗೆ 15, ದಿನಕ್ಕೆ 50 ಪೈಸೆ. ಹಣ ಇಲ್ಲದೆ ಬಾರದೇ ಹೋದ ಆ 24 ಜನಕ್ಕೂ ಏಳು ದಿನ ಪುಕ್ಕಟೆ ಕೊಟ್ಟಿದ್ದರೆ 168 ದಿನ, ಮೂರು ತಿಂಗಳಿಗೆ 84 ರೂಪಾಯಿ. ಅದರಿಂದ ಒಬ್ಬ ಗಿರಾಕಿ ಒಂದು ತಿಂಗಳು ಜಾಸ್ತಿ ಉಳಿದರೂ 499 ಬಂತು. ನಿಮ್ಮ ವ್ಯಾಪಾರದಲ್ಲಿ ಬೇಗ ಲಾಕ್ ಮಾಡಿ ಉಳಿಸುವಂಥದ್ದು ಏನೂ ಇಲ್ಲ.

ಓದುಮನೆ_ಮಂಡ್ಯ

ಇದನ್ನು ನಾನು ಒಪ್ಪಲ್ಲ. ನಮ್ಮದು ಸ್ಟಡಿ ರೂಂ. ಕೆಪಿಎಸ್‌ಸಿ, ಪಿಡಿಒ ಪರೀಕ್ಷೆಗೆ ಓದುವ ಮಕ್ಕಳು ಬರುತ್ತಾರೆ. 48 ಸೀಟು, ತಿಂಗಳಿಗೆ 1,200. ಏಳು ದಿನ ಗ್ರೇಸ್ ಅಂದರೆ ಆ ಸೀಟು ಏಳು ದಿನ ಹಾಗೇ ಇರುತ್ತೆ. ಹೊರಗೆ ಹತ್ತು ಜನ ಸೀಟು ಕೇಳುತ್ತಿರುತ್ತಾರೆ. ನನಗೆ 84 ರೂಪಾಯಿ ಲೆಕ್ಕ ಬರಲ್ಲ.

ವಿಜಯನಗರ_2ನೇ_ಹಂತ

ನಿಮ್ಮ ಮಾತು ಸರಿ, ನಿಮ್ಮ ಲೆಕ್ಕವೇ ಬೇರೆ. ನಿಮ್ಮಲ್ಲಿ ಒಂದು ಸೀಟಿನ ದಿನಕ್ಕೆ 40 ರೂಪಾಯಿ, ಅದೂ ಕಾಯುವವರು ಇದ್ದಾಗ. ಕಾಯುವವರು ಇಲ್ಲದ ತಿಂಗಳು ಆ ಸೀಟಿನ ಬೆಲೆ ಸೊನ್ನೆ. ಹಾಗಾಗಿ ನಿಮ್ಮ ಗ್ರೇಸ್ ಕಾಯುವ ಪಟ್ಟಿಯ ಮೇಲೆ ನಿಲ್ಲಬೇಕು. ಪಟ್ಟಿ ಇದ್ದರೆ ಎರಡು ದಿನ, ಇಲ್ಲದಿದ್ದರೆ ಹತ್ತು ದಿನ ಬಿಟ್ಟರೂ ನಷ್ಟ ಇಲ್ಲ.

ಓದುಮನೆ_ಮಂಡ್ಯ

ಸೀಟು ಕೊಟ್ಟುಬಿಟ್ಟರೂ ಲಾಕರ್‌ನಲ್ಲಿ ಪುಸ್ತಕ ಹಾಗೇ ಇಡುತ್ತೇನೆ. ಹಳ್ಳಿಯಿಂದ ಬರುವ ಮಕ್ಕಳು. ಮನೆಯಲ್ಲಿ ಹಾಲಿನ ಬಟವಾಡೆ ಬಂದ ಮೇಲೆ ದುಡ್ಡು ಕಳಿಸುತ್ತಾರೆ. ಪುಸ್ತಕ ಇಲ್ಲೇ ಇದ್ದರೆ ಅವರು ವಾಪಸ್ ಬಂದೇ ಬರುತ್ತಾರೆ.

ಮದ್ದೂರು_77

ನನ್ನ ಖಾತೆಯಿಂದ ಪ್ರತಿ ತಿಂಗಳು 199 ಹೋಗುತ್ತಿದೆ. ಯಾವುದೋ ಸಿನಿಮಾ ಆ್ಯಪ್. ಇದನ್ನು ಲಾಕ್ ಮಾಡೋದು ಹೇಗೆ ಸರ್?

ಮಂಡ್ಯ_ಮೆಡಿಕಲ್ಸ್

ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಂತ ಒಂದು ಭಾಗ ಇರುತ್ತೆ ಅಣ್ಣ. ಅಲ್ಲಿ ಚಾಲ್ತಿಯಲ್ಲಿ ಇರುವುದೆಲ್ಲ ಕಾಣುತ್ತೆ. ಬೇಡವಾದದ್ದನ್ನು ಒತ್ತಿ ಕ್ಯಾನ್ಸಲ್ ಕೊಡಿ, ಪಿನ್ ಕೇಳುತ್ತೆ. ಆದರೆ ನೋಡಿಕೊಂಡು ಮಾಡಿ. ನಾನು ಒಂದು ಸಲ ಹೀಗೇ ಕ್ಲೀನ್ ಮಾಡಲು ಹೋಗಿ ಬೇಕಾದದ್ದನ್ನೂ ತೆಗೆದುಬಿಟ್ಟೆ.

ವಿಜಯನಗರ_2ನೇ_ಹಂತ

ಮೇಡಂ, ನಿಮ್ಮ 31 ಜನರಲ್ಲಿ ಕೆಲವರು ಹೀಗೇ ಆದವರು. ಅವರಿಗೆ ನಿಮ್ಮ ಸಾಫ್ಟ್‌ವೇರ್ ಬೇಡ ಅಂತಲ್ಲ. ಪಟ್ಟಿಯಲ್ಲಿ ಗೇಟ್‌ವೇ ಹೆಸರೋ, ಗುರುತು ಸಿಗದ ಇನ್ಯಾವುದೋ ಹೆಸರೋ ಕಂಡಿರುತ್ತದೆ. ರದ್ದು ಮಾಡಿದ ಮ್ಯಾಂಡೇಟ್‌ಗೆ ಎಷ್ಟು ಸಲ ಪ್ರಯತ್ನಿಸಿದರೂ ಹಣ ಬರಲ್ಲ, ಹೊಸ ಮ್ಯಾಂಡೇಟ್ ಬೇಕು. ಅದಕ್ಕೆ ಇವರಿಗೆ ದಿನ ಎಣಿಸುತ್ತಾ ಕೂರಬೇಡಿ. ರದ್ದಾದ ಸುದ್ದಿ ಬಂದ ದಿನವೇ ಒಬ್ಬರು ಫೋನ್ ಮಾಡಿ, "ಬೇಕಂತ ನಿಲ್ಲಿಸಿದ್ರಾ, ಗೊತ್ತಿಲ್ಲದೆ ಆಯ್ತಾ?" ಅಂತ ಕೇಳಿ. ನಿಮ್ಮ ತಮ್ಮ ಯಾವ ದಿನ ಫೋನ್ ಮಾಡುತ್ತಿದ್ದರು?

ಕುವೆಂಪುನಗರ_ಬಿಲ್ಲಿಂಗ್

ಬಿಡುವಾದಾಗ. ಎರಡು ಮೂರು ವಾರ ಆದಮೇಲೆ.

ವಿಜಯನಗರ_2ನೇ_ಹಂತ

ಅಷ್ಟರಲ್ಲಿ ಅಂಗಡಿಯವರು ಬೇರೆಯದನ್ನು ಹಾಕಿಸಿಕೊಂಡು ಎಲ್ಲ ಐಟಂ ಟೈಪ್ ಮಾಡಿ ಮುಗಿಸಿರುತ್ತಾರೆ. ಮೆಡಿಕಲ್ ಶಾಪ್ ಅಂದರೆ ಸಾವಿರಾರು ಐಟಂ. ಅಷ್ಟು ಕೆಲಸ ಆದಮೇಲೆ ಯಾರೂ ವಾಪಸ್ ಬರಲ್ಲ.

ಇನ್ನೊಂದು ವಿಷಯ, ಇದು ಲಾಕ್‌ಗಿಂತ ಮುಖ್ಯ. ಬೆಳಿಗ್ಗೆ 6ಕ್ಕೆ ಯಾಕೆ ಕಡಿತಕ್ಕೆ ಹಾಕುತ್ತೀರಿ? 2025ರ ಆಗಸ್ಟ್‌ನಿಂದ ಯುಪಿಐ ನಡೆಸುವ ಎನ್‌ಪಿಸಿಐ ನಿಯಮದಂತೆ ಆಟೋಪೇ ಕಡಿತ ದಟ್ಟಣೆ ಇಲ್ಲದ ಹೊತ್ತಿನಲ್ಲೇ ಆಗಬೇಕು. ಬೆಳಿಗ್ಗೆ 10ರಿಂದ 1, ಸಂಜೆ 5ರಿಂದ 9:30 ಆಗಲ್ಲ. ಅದಕ್ಕೆ ಎಲ್ಲರೂ ಬೆಳಗಿನ ಜಾವಕ್ಕೆ ಹಾಕಿಟ್ಟಿದ್ದಾರೆ. ಆದರೆ ಮಧ್ಯಾಹ್ನ 1ರಿಂದ 5 ತೆರೆದೇ ಇದೆ. ಅಂಗಡಿಯವರ ಖಾತೆ ಬೆಳಿಗ್ಗೆ 6ಕ್ಕೆ ಹೆಚ್ಚಾಗಿ ಖಾಲಿ. ಎಷ್ಟೋ ಕ್ಯೂಆರ್‌ಗಳಲ್ಲಿ ಹಿಂದಿನ ದಿನದ ವ್ಯಾಪಾರದ ಹಣ ಮಾರನೇ ದಿನ ಬೆಳಿಗ್ಗೆ ಖಾತೆಗೆ ಬೀಳುತ್ತದೆ. ಮಧ್ಯಾಹ್ನ ಎರಡೂವರೆಗೆ ಹಾಕಿ ನೋಡಿ. ನಿಮ್ಮ 121ರಲ್ಲಿ ಒಂದಷ್ಟು ಫೇಲ್ ಆಗುವುದೇ ಇಲ್ಲ.

ಪ್ರತಿ ತಿಂಗಳ ಕಡಿತಕ್ಕೆ ಒಂದು ಪ್ರಯತ್ನ, ಅದು ಸೋತರೆ ಇನ್ನು ಮೂರು ಸಲ ಮಾತ್ರ ಅವಕಾಶ. ಮೂರನ್ನೂ ಒಂದೇ ದಿನ ಸುಟ್ಟುಹಾಕಬೇಡಿ.

ಕುವೆಂಪುನಗರ_ಬಿಲ್ಲಿಂಗ್

ನಮ್ಮ ಗೇಟ್‌ವೇಯಲ್ಲಿ ದಿನಕ್ಕೊಂದರಂತೆ ಮುಂದಿನ ಮೂರು ದಿನದಲ್ಲಿ ಮುಗಿಯುತ್ತದೆ. ಆಮೇಲೆ ಬಂದವರೆಲ್ಲ ಪೇಮೆಂಟ್ ಲಿಂಕ್‌ನಿಂದ ಕಟ್ಟಿದವರು.

ವಿಜಯನಗರ_2ನೇ_ಹಂತ

ಹಾಗಾದರೆ ಮೂರನೇ ದಿನ ಮುಗಿದ ಮೇಲೆ ಗ್ರೇಸ್ ಅಂದರೆ ಸುಮ್ನೆ ಕಾಯುವುದಲ್ಲ, ಗಿರಾಕಿಯನ್ನು ಮಾತಾಡಿಸುವ ಸಮಯ. ನಾಲ್ಕರಿಂದ ಏಳನೇ ದಿನದೊಳಗೆ ಎರಡು ಮೆಸೇಜ್, ಒಂದು ಫೋನ್.

ಇಲ್ಲಿ ಒಂದು ಅಪಾಯ ಇದೆ. ಎರಡನೇ ದಿನ ಗಿರಾಕಿ ಲಿಂಕ್‌ನಲ್ಲಿ 499 ಕಟ್ಟುತ್ತಾರೆ. ಮೂರನೇ ದಿನ ಆಟೋಪೇ ಕೂಡ ಯಶಸ್ವಿಯಾಗಿ ಇನ್ನೊಂದು 499 ಹೋಗುತ್ತದೆ. ಲಾಕ್ ಆದವರಿಗಿಂತ ಇವರಿಗೆ ಸಿಟ್ಟು ಜಾಸ್ತಿ. ಲಿಂಕ್‌ನಲ್ಲಿ ಹಣ ಬಂದ ಕೂಡಲೇ ಬಾಕಿ ಪ್ರಯತ್ನಗಳನ್ನು ನಿಲ್ಲಿಸುವ ವ್ಯವಸ್ಥೆ ಮೊದಲು ಮಾಡಿ. ಅದು ಆಗುವ ತನಕ ಮೂರನೇ ದಿನದವರೆಗೆ ಲಿಂಕ್ ಕಳಿಸಬೇಡಿ.

ಮಂಡ್ಯ_ಮೆಡಿಕಲ್ಸ್

ಮೆಸೇಜ್ ವಿಷಯದಲ್ಲಿ ಒಂದು ಮಾತು. ನನಗೆ ಆ ಶನಿವಾರದ ಮೊದಲು ಯಾವ ಮೆಸೇಜೂ ಬಂದಿರಲಿಲ್ಲ. ಕಳಿಸಿದ್ದೇವೆ ಅಂದರು. ಆಮೇಲೆ ನೋಡಿದರೆ ಸಾಫ್ಟ್‌ವೇರ್ ಹಾಕಿಸಿದಾಗ ಕೌಂಟರ್‌ನಲ್ಲಿದ್ದ ಹುಡುಗ ತನ್ನ ನಂಬರ್ ಕೊಟ್ಟಿದ್ದ. ಅವನು ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಸ್ಕ್ರೀನ್ ಮೇಲೆ ಹಳದಿ ಪಟ್ಟಿ ಬರುತ್ತಿತ್ತಂತೆ. ಹೊಸ ಹುಡುಗ ಅದನ್ನು ದಿನಾ ಮುಚ್ಚಿ ಬಿಲ್ ಮಾಡುತ್ತಿದ್ದ. ಅವನಿಗೆ ಅದು ಸಂಬಂಧವೇ ಇಲ್ಲ ಅಲ್ವಾ? ದುಡ್ಡು ಕಟ್ಟುವವನು ಕೌಂಟರ್‌ನಲ್ಲಿ ಕೂರುವುದಿಲ್ಲ.

ಕುವೆಂಪುನಗರ_ಬಿಲ್ಲಿಂಗ್

ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ಮಾಲೀಕರ ನಂಬರ್ ಬೇರೆಯಾಗಿ ತೆಗೆದುಕೊಳ್ಳುತ್ತೇವೆ. 24 ಗಂಟೆ ಮೊದಲು ಕಡಿತದ ಸೂಚನೆ ಹೋಗಲೇಬೇಕು ಅಂತ ನಿಯಮ ಇದೆಯಲ್ಲ, ಅದು ಬ್ಯಾಂಕ್ ಖಾತೆಗೆ ಜೋಡಿಸಿದ ಫೋನ್‌ಗೆ ಹೋಗುತ್ತದೆ, ಅಷ್ಟು ಸಾಕು ಅಂದುಕೊಂಡಿದ್ದೆ.

ಒಂದು ಸಂದೇಹ. ಏಳನೇ ದಿನ ಕಟ್ಟಿದವರಿಗೆ ಮುಂದಿನ ತಾರೀಖು ಹಳೆಯದೇ ಇರಬೇಕಾ, ಕಟ್ಟಿದ ದಿನದಿಂದ ಲೆಕ್ಕ ಹಾಕಬೇಕಾ?

ವಿಜಯನಗರ_2ನೇ_ಹಂತ

ಹಳೆಯದೇ ಇರಲಿ. 5ನೇ ತಾರೀಖಿನವರು 12ಕ್ಕೆ ಕಟ್ಟಿದರೆ ಮುಂದಿನದು ಮತ್ತೆ 5ಕ್ಕೇ. ಆಗ ಪ್ರತಿ ತಿಂಗಳು ತಡವಾಗಿ ಕಟ್ಟುವವರಿಂದಲೂ ನಿಮಗೆ ವರ್ಷಕ್ಕೆ ಹನ್ನೆರಡು ಕಂತೇ ಬರುತ್ತದೆ. ತಾರೀಖು ಜರುಗಿಸುತ್ತಾ ಹೋದರೆ ಅವರಿಗೆ ಪ್ರತಿ ತಿಂಗಳು ಏಳು ದಿನ ಪುಕ್ಕಟೆ. ಬಂಬೂಬಜಾರ್ ಅಣ್ಣ ಹೇಳಿದ ಅಭ್ಯಾಸ ಅಲ್ಲೇ ಹುಟ್ಟುವುದು.

ಬಂಬೂಬಜಾರ್_ವ್ಯಾಪಾರಿ

ಆದರೆ ಕೆಲವರ ದುಡ್ಡು ಬರುವುದೇ ತಿಂಗಳ 10ರ ಮೇಲೆ. ಅವರಿಗೆ 5 ಅಂತ ಇಟ್ಟರೆ ಪ್ರತಿ ತಿಂಗಳೂ ಫೇಲ್. ತಾರೀಖನ್ನೇ 12ಕ್ಕೆ ಬದಲಾಯಿಸಿ ಕೊಡೋದು ವಾಸಿ ಅಲ್ವಾ?

ವಿಜಯನಗರ_2ನೇ_ಹಂತ

ಇದು ಒಳ್ಳೆಯ ಮಾತು. ಸತತ ಎರಡು ತಿಂಗಳು ತಡವಾದವರಿಗೆ ನೀವೇ ಕೇಳಿ ಒಂದು ಸಲ ಬದಲಾಯಿಸಿ ಕೊಡಿ, ನಡುವಿನ ಏಳು ದಿನದ ಹಣ ಸೇರಿಸಿಕೊಂಡು. ಮ್ಯಾಂಡೇಟ್‌ನಲ್ಲಿ ತಾರೀಖು ನಿಗದಿಯಾಗಿದ್ದರೆ ಹೊಸದಾಗಿ ಒಪ್ಪಿಗೆ ತೆಗೆದುಕೊಳ್ಳಬೇಕಾಗುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಈ ಲೆಕ್ಕವೆಲ್ಲ ನೀವು ಅವತ್ತೇ ಲಾಕ್ ಮಾಡುತ್ತಿದ್ದಾಗ ಬಂದದ್ದು. ಲಾಕ್ ಬಿಟ್ಟರೆ ಲೆಕ್ಕವೇ ಬದಲಾಗಬಹುದು. ಮೊದಲ ಎರಡು ದಿನದಲ್ಲಿ ಬಂದ 38ರಲ್ಲಿ ಕೆಲವರು ಲಾಕ್‌ಗೆ ಹೆದರಿ ಬಂದವರು. ಅದಕ್ಕೆ ಅರ್ಧ ಗಿರಾಕಿಗಳಿಗೆ ಹೊಸ ನಿಯಮ, ಅರ್ಧಕ್ಕೆ ಹಳೆಯದು ಇಟ್ಟು ನೋಡಿ. ಗಿರಾಕಿ ಸಂಖ್ಯೆ ಸರಿ, ಬೆಸ ನೋಡಿ ಹಂಚಿದರೆ ಸಾಕು.

ಕುವೆಂಪುನಗರ_ಬಿಲ್ಲಿಂಗ್ (ಆರು ವಾರದ ನಂತರ)

ಎಲ್ಲರಿಗೂ ಧನ್ಯವಾದ. ಆದದ್ದನ್ನು ಹೇಳುತ್ತೇನೆ.

ಕಡಿತವನ್ನು ಎಲ್ಲರಿಗೂ ಮಧ್ಯಾಹ್ನ ಎರಡೂವರೆಗೆ ಹಾಕಿದೆವು. ಹಣ ಇಲ್ಲದೆ ಫೇಲ್ ಆಗುವುದು ಕಣ್ಣಿಗೆ ಕಾಣುವಷ್ಟು ಇಳಿಯಿತು. ಆರು ವಾರಕ್ಕೆ 60ರಷ್ಟು ಬರಬೇಕಿತ್ತು, 43 ಬಂತು. ಬೆಸ ಸಂಖ್ಯೆಯವರು 22, ಅವರಿಗೆ ಹಳೆಯ ಲಾಕ್. ಸರಿ ಸಂಖ್ಯೆಯವರು 21, ಅವರಿಗೆ ಏಳು ದಿನ. ಹಳೆಯ ನಿಯಮದಲ್ಲಿ 17 ಜನ ವಾಪಸ್, ಹೊಸದರಲ್ಲಿ 18. ಕೊನೆಯವರಿಗೆ ಇನ್ನೂ ತಿಂಗಳು ಆಗಿಲ್ಲ.

ಬೈದು ಬಂದ ಫೋನ್‌ಗಳನ್ನು ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಹಳೆಯ ನಿಯಮದವರಿಂದ 11, ಹೊಸದರವರಿಂದ 2.

ಒಂದು ತಪ್ಪಾಯಿತು. ಶ್ರೀರಂಗಪಟ್ಟಣದಲ್ಲಿ ಒಂದೇ ಬೀದಿಯ ಇಬ್ಬರು ಹಾರ್ಡ್‌ವೇರ್ ಅಂಗಡಿಯವರು, ಬಾವ ಬಾಮೈದ. ಇಬ್ಬರದ್ದೂ ಒಂದೇ ವಾರ ಫೇಲ್ ಆಯಿತು. ಬಾವನದ್ದು ಸಂಜೆಯೇ ನಿಂತಿತು, ಬಾಮೈದನದ್ದು ನಡೆಯುತ್ತಲೇ ಇತ್ತು. ಬಾವ ನೇರ ನಮ್ಮ ಆಫೀಸಿಗೇ ಬಂದರು. "ನಾನು ಮೂರು ವರ್ಷದ ಗಿರಾಕಿ, ಅವನು ಮೊನ್ನೆ ಸೇರಿದವನು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮೆ ಕೇಳಿ ಅಲ್ಲೇ ತೆರೆದುಕೊಟ್ಟೆ.

ವಿಜಯನಗರ_2ನೇ_ಹಂತ

ಊರಿನ ಪ್ರಕಾರ ಹಂಚಲು ಹೇಳಬೇಕಿತ್ತು, ಅದು ನನ್ನ ತಪ್ಪು. ನಂಜನಗೂಡಿಗೆ ಒಂದು ನಿಯಮ, ಮದ್ದೂರಿಗೆ ಇನ್ನೊಂದು ಅಂತ ಮಾಡಿದ್ದರೆ ಹೀಗಾಗುತ್ತಿರಲಿಲ್ಲ.

22ರಲ್ಲಿ 17, 21ರಲ್ಲಿ 18 ಅನ್ನುವುದರಿಂದ ಹೊಸ ನಿಯಮ ಗೆದ್ದಿತು ಅಂತ ಹೇಳಲಾಗದು. ಒಂದಿಬ್ಬರು ಆಚೆ ಈಚೆ ಆದರೆ ಸಮ ಆಗಿಬಿಡುತ್ತದೆ. ಆದರೆ ಲಾಕ್ ತೆಗೆದದ್ದರಿಂದ ಜನ ಕಟ್ಟುವುದು ನಿಲ್ಲಲಿಲ್ಲ ಅನ್ನುವುದು ಇಷ್ಟರಲ್ಲೇ ಕಾಣುತ್ತದೆ. ಬೈಗುಳದ ಲೆಕ್ಕ ಮಾತ್ರ ದೊಡ್ಡ ವ್ಯತ್ಯಾಸ. ಆ 17 ಮತ್ತು 18 ಜನ ಮೂರು ತಿಂಗಳ ನಂತರ ಎಷ್ಟು ಉಳಿದಿದ್ದಾರೆ ಅಂತ ನೋಡಿ ಹಾಕಿ.

ಬಂಬೂಬಜಾರ್_ವ್ಯಾಪಾರಿ

18ರಲ್ಲಿ ಎಷ್ಟು ಜನ ಕೊನೆ ದಿನ ಕಟ್ಟಿದರು ಅದನ್ನೂ ಹೇಳಿ ಮೇಡಂ.

ಕುವೆಂಪುನಗರ_ಬಿಲ್ಲಿಂಗ್

ಏಳನೇ ದಿನ 4 ಜನ. ಅದರಲ್ಲಿ ಇಬ್ಬರು ಎರಡೂ ತಿಂಗಳು ಏಳನೇ ದಿನವೇ.

ಬಂಬೂಬಜಾರ್_ವ್ಯಾಪಾರಿ

ನೋಡಿ, ಹೇಳಿದ್ದೆ.

ವಿಜಯನಗರ_2ನೇ_ಹಂತ

ಆ ಇಬ್ಬರೂ ಹಣ ಕಟ್ಟಿದ್ದಾರೆ ಅಣ್ಣ, ತಾರೀಖೂ ಜರುಗಿಲ್ಲ. ಅವರಿಗೆ ಕಡಿತದ ದಿನ ಬದಲಾಯಿಸಬೇಕಾ ಅಂತ ಕೇಳಿದರೆ ಸಾಕು, ನೀವೇ ಹೇಳಿದ ದಾರಿ.

ಮಂಡ್ಯ_ಮೆಡಿಕಲ್ಸ್

ಮೇಡಂ, ಎಂಟನೇ ದಿನ ಹೊಸ ಬಿಲ್ ನಿಲ್ಲಿಸುತ್ತೀರಲ್ಲ, ಯಾವ ಹೊತ್ತಿಗೆ? ನಮಗೆ ಮಧ್ಯಾಹ್ನ ಮೂರರಿಂದ ನಾಲ್ಕು ಗಿರಾಕಿ ಕಮ್ಮಿ. ಆಗ ನಿಂತರೆ ಫೋನ್ ಮಾಡಿ ಕಟ್ಟಿ ಸರಿಮಾಡಿಕೊಳ್ಳಬಹುದು. ಶನಿವಾರ, ಭಾನುವಾರ ಬೇಡ. ದಸರಾದಲ್ಲಿ ಇನ್ನೂ ನೋಡಿಕೊಳ್ಳಿ. ಆಯುಧಪೂಜೆ ದಿನ ಕಂಪ್ಯೂಟರಿಗೆ, ಬಿಲ್ ಪ್ರಿಂಟರಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾಕಿ ಮಂಗಳಾರತಿ ಮಾಡುತ್ತೇವೆ. ಮನೆಯವರೆಲ್ಲ ಅಂಗಡಿಗೆ ಬಂದಿರುತ್ತಾರೆ.

ಕುವೆಂಪುನಗರ_ಬಿಲ್ಲಿಂಗ್

ಮಂಗಳವಾರದಿಂದ ಗುರುವಾರ, ಮಧ್ಯಾಹ್ನ ಮೂರಕ್ಕೆ ಅಂತ ಇಟ್ಟಿದ್ದೇವೆ ಸರ್. ಎಂಟನೇ ದಿನ ಶುಕ್ರವಾರ ಬಿದ್ದರೆ ಮುಂದಿನ ಮಂಗಳವಾರದ ತನಕ ಬಿಡುತ್ತೇವೆ. ಅವತ್ತು ಬೆಳಿಗ್ಗೆ ತಮ್ಮ ಮಾಲೀಕರಿಗೇ ಫೋನ್ ಮಾಡಿ ಹೇಳುತ್ತಾನೆ. ಕೆಂಪು ಸ್ಕ್ರೀನ್ ತೆಗೆದಿದ್ದೇವೆ. ಬಿಲ್ ಬಟನ್ ಒತ್ತಿದರೆ "ಮಾಲೀಕರಿಗೆ ಮೆಸೇಜ್ ಕಳಿಸಿದ್ದೇವೆ" ಅಂತ ಚಿಕ್ಕದಾಗಿ ಬರುತ್ತದೆ, ಗಿರಾಕಿಗಳಿಗೆ ಕಾಣದ ಹಾಗೆ. ದಸರಾದ ಹತ್ತೂ ದಿನ ಲಾಕ್ ಬೇಡ ಅಂತ ಇವತ್ತೇ ತಮ್ಮನಿಗೆ ಹೇಳುತ್ತೇನೆ.

ಮಾಲೀಕರ ನಂಬರ್ ಇನ್ನೂ 140 ಅಂಗಡಿಯವರದ್ದು ಸಿಕ್ಕಿಲ್ಲ. ಸದ್ಯ ಅವರಿಗೆ ಲಾಕ್ ನಿಲ್ಲಿಸಿದ್ದೇವೆ.